ಮದುವೆ ಬಯೋಡೇಟಾ: ಗೀಚಿದ ಟಿಪ್ಪಣಿಯನ್ನು ಅಚ್ಚುಕಟ್ಟಾದ ಒಂದೇ ಪುಟ ಮಾಡುವುದು ಹೇಗೆ? ಪುಣೆ ಕನ್ನಡಿಗರಿಗೆ ಇಲ್ಲಿದೆ ವಿವರ

ಪುಣೆ: ಮಗಳಿಗೋ ಮಗನಿಗೋ ಸಂಬಂಧ ನೋಡಲು ಶುರು ಮಾಡಿದ ಮನೆಯಲ್ಲಿ ಮೊದಲು ಕೇಳಿಬರುವ ಮಾತು, 'ಬಯೋಡೇಟಾ ಕಳಿಸ್ರಿ'. ಆಗ ಮನೆಯವರು ನೆನಪಿಗೆ ಬಂದಷ್ಟನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿಬಿಡುತ್ತಾರೆ. ಅದು ಹತ್ತಾರು ಗ್ರೂಪುಗಳಿಗೆ ಹೋಗುತ್ತದೆ. ಆಮೇಲೆ ಜನ್ಮ ಸಮಯ ತಪ್ಪಾಗಿದೆ, ನಕ್ಷತ್ರ ಬೇರೆ ಇದೆ ಎಂದು ಗೊತ್ತಾದರೂ ಹಿಂದಕ್ಕೆ ಪಡೆಯಲು ಆಗುವುದಿಲ್ಲ.

ಪುಣೆಯಂಥ ಊರಿನಲ್ಲಿ ಈ ಕೆಲಸ ಇನ್ನೂ ಸ್ವಲ್ಪ ಕಷ್ಟ. ಇಲ್ಲಿರುವ ಕನ್ನಡ ಕುಟುಂಬಗಳ ಬಯೋಡೇಟಾ ಎರಡು ದಿಕ್ಕಿಗೆ ಹೋಗುತ್ತದೆ. ಒಂದು ಪ್ರತಿ ಬೆಳಗಾವಿ, ಬಾಗಲಕೋಟೆ, ಉಡುಪಿ ಕಡೆಯ ಬಂಧುಗಳಿಗೆ. ಇನ್ನೊಂದು ಪುಣೆಯಲ್ಲೇ ಇರುವ ವಧು-ವರ ಸೂಚಕ ಮಂಡಳಗಳಿಗೆ, ಅಂದರೆ ಮರಾಠಿ ಪದ್ಧತಿಯ ಬಯೋಡೇಟಾ ನೋಡಿ ರೂಢಿಯಾದವರಿಗೆ. ಕರ್ನಾಟಕದವರು ಕೇಳುವ ಕೆಲವು ವಿವರ ಅಲ್ಲಿನವರಿಗೆ ಬೇಕಿಲ್ಲ. ಅವರು ಕೇಳುವ ಕೆಲವು ವಿವರ ನಮ್ಮ ಬಯೋಡೇಟಾದಲ್ಲಿ ಇರುವುದೇ ಇಲ್ಲ.

ಹಾಗಾದರೆ ಕೈಯಲ್ಲಿರುವ ಗೀಚು ಟಿಪ್ಪಣಿಯನ್ನು ವೈಯಕ್ತಿಕ, ಶಿಕ್ಷಣ-ಉದ್ಯೋಗ, ಕುಟುಂಬ, ಸಂಪರ್ಕ ಎಂಬ ನಾಲ್ಕು ಭಾಗಗಳ ಒಂದು ಪುಟವಾಗಿ ಮಾಡುವುದು ಹೇಗೆ? ಒಂದು ಉದಾಹರಣೆಯನ್ನೇ ಇಟ್ಟುಕೊಂಡು ನೋಡೋಣ.

ಟಿಪ್ಪಣಿ ಹೀಗಿದೆ ಎಂದುಕೊಳ್ಳಿ

ಜಮಖಂಡಿ ಕಡೆಯ ಒಂದು ಕುಟುಂಬ ಮೂವತ್ತು ವರ್ಷದಿಂದ ಪುಣೆಯ ಚಿಂಚವಾಡದಲ್ಲಿದೆ ಎಂದುಕೊಳ್ಳೋಣ. ತಂದೆ ಭೋಸರಿಯ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಮಗಳ ವಿವರವನ್ನು ಅವರು ವಾಟ್ಸಾಪ್‌ನಲ್ಲಿ ಹೀಗೆ ಬರೆದಿದ್ದಾರೆ:

"ಹುಡುಗಿ ಹುಟ್ಟಿದ್ದು 14-10-97 ಮಂಗಳವಾರ ರಾತ್ರಿ 12.20. ಉತ್ತರಾ ನಕ್ಷತ್ರ, ಮೀನ ರಾಶಿ. ಎತ್ತರ 5.4. ಬಿಇ ಕಂಪ್ಯೂಟರ್ ಆಗೇದ. ಹಿಂಜವಡಿ ಕಂಪನಿ, 14 ಲಕ್ಷ. ಚಿಂಚವಾಡದಾಗ ಸ್ವಂತ ಫ್ಲಾಟ್, ಊರಾಗ 6 ಎಕರೆ ಹೊಲ. ಅಣ್ಣ ಬೆಂಗಳೂರಾಗ ಸೆಟಲ್. ಮಾವ ಅಥಣಿ. ಸ್ವಭಾವ ಬಹಳ ಒಳ್ಳೇದು, ಮನೆಗೆಲಸ ಎಲ್ಲಾ ಬರ್ತದ. ಒಳ್ಳೆ ಮನೆತನ ಬೇಕು. ಫೋನ್ ಮಾಡ್ರಿ."

ಓದಿದರೆ ಎಲ್ಲವೂ ಇದೆ ಎನಿಸುತ್ತದೆ. ಆದರೆ ಇದರಲ್ಲಿ ಕನಿಷ್ಠ ಆರು ಕಡೆ ಓದುವವರು ತಪ್ಪು ತಿಳಿಯುವ ಸಾಧ್ಯತೆ ಇದೆ. ಹಾಗಾಗಿ ಮೊದಲು ಮಾಡಬೇಕಾದ್ದು ವಿನ್ಯಾಸವಲ್ಲ, ಪರಿಶೀಲನೆ. ಒಂದು ಹಾಳೆಯಲ್ಲಿ ನಾಲ್ಕು ಮನೆ ಹಾಕಿ, ಟಿಪ್ಪಣಿಯ ಒಂದೊಂದು ಮಾತನ್ನೂ ಎತ್ತಿ ಸರಿಯಾದ ಮನೆಗೆ ಹಾಕಿ. ಯಾವ ಮನೆಗೂ ಸೇರದ ಮಾತನ್ನು ಪಕ್ಕಕ್ಕಿಡಿ. ಅನುಮಾನ ಇರುವಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಮನೆಯವರನ್ನು ಕೇಳಿ, ದಾಖಲೆ ನೋಡಿ.

ರಾತ್ರಿ 12.20 ಯಾವ ದಿನ?

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಪಂಚಾಂಗದ ಪ್ರಕಾರ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಹೀಗಾಗಿ ಹಿರಿಯರು ನಡುರಾತ್ರಿ ದಾಟಿ ಹುಟ್ಟಿದ ಮಗುವನ್ನೂ 'ಮಂಗಳವಾರ ರಾತ್ರಿ ಹುಟ್ಟಿದ್ದು' ಎಂದೇ ಹೇಳುತ್ತಾರೆ. ಆದರೆ ಕ್ಯಾಲೆಂಡರಿನ ದಿನಾಂಕ ಬದಲಾಗುವುದು ರಾತ್ರಿ 12 ಗಂಟೆಗೆ. 1997ರ ಅಕ್ಟೋಬರ್ 14 ಮಂಗಳವಾರ. ಆ ರಾತ್ರಿ 12.20 ಆಗುವಾಗ ಕ್ಯಾಲೆಂಡರಿನಲ್ಲಿ 15, ಬುಧವಾರ ಬಂದಾಗಿರುತ್ತದೆ.

ಇದು ಸಣ್ಣ ವಿಷಯ ಎನಿಸಬಹುದು, ಆದರೆ ಪರಿಣಾಮ ದೊಡ್ಡದು. ಈಗ ಜಾತಕವನ್ನು ಮೊಬೈಲ್ ಆ್ಯಪ್‌ನಲ್ಲೇ ಹಾಕಿ ನೋಡುವವರು ಹೆಚ್ಚು. ಹುಡುಗನ ಕಡೆಯವರು ಟಿಪ್ಪಣಿಯಲ್ಲಿ ಇದ್ದಂತೆ 14-10-1997, ರಾತ್ರಿ 12.20 ಎಂದು ಹಾಕಿದರೆ ಆ್ಯಪ್ ಅದನ್ನು ಸೋಮವಾರ ಕಳೆದು ಮಂಗಳವಾರ ಶುರುವಾದ ಆ ನಡುರಾತ್ರಿ ಎಂದು ತಿಳಿಯುತ್ತದೆ. ಅಂದರೆ ಪೂರ್ತಿ ಒಂದು ದಿನ ಹಿಂದೆ. ಆಗ ಚಂದ್ರ ಇದ್ದದ್ದು ಪೂರ್ವಾಭಾದ್ರ ನಕ್ಷತ್ರದಲ್ಲಿ, ಕುಂಭ ರಾಶಿಯಲ್ಲಿ. ಒಂದು ದಿನ ಕಳೆದು ಹುಡುಗಿ ನಿಜವಾಗಿ ಹುಟ್ಟಿದ ಹೊತ್ತಿಗೆ ಚಂದ್ರ ಉತ್ತರಾಭಾದ್ರಕ್ಕೆ, ಮೀನ ರಾಶಿಗೆ ಬಂದಿದ್ದ. ಬಯೋಡೇಟಾದಲ್ಲಿ ಮೀನ ಎಂದಿದೆ, ಆ್ಯಪ್ ಕುಂಭ ಎನ್ನುತ್ತದೆ. ಓದಿದವರಿಗೆ 'ಇವರು ಜಾತಕ ತಿದ್ದಿದ್ದಾರೆ' ಎಂಬ ಅನುಮಾನ ಬಂದರೆ ತಪ್ಪು ಯಾರದು?

ಪರಿಹಾರ ಸರಳ. ರಾತ್ರಿ 12ರಿಂದ ಸೂರ್ಯೋದಯದ ನಡುವೆ ಹುಟ್ಟಿದವರ ವಿವರದಲ್ಲಿ ಎರಡು ದಿನಗಳ ಹೆಸರನ್ನೂ ಬರೆಯಿರಿ: '15 ಅಕ್ಟೋಬರ್ 1997, ರಾತ್ರಿ 12.20 (ಮಂಗಳವಾರ ಕಳೆದು ಬುಧವಾರ)'. ಹೀಗೆ ಬರೆದರೆ ಯಾರಿಗೂ ಗೊಂದಲ ಇರುವುದಿಲ್ಲ. ಇಂಗ್ಲಿಷ್ ಪ್ರತಿಯಲ್ಲಿ '12:20 AM' ಎಂದೇ ಇರಲಿ. ಬರೀ '12.20' ಎಂದರೆ ಮಧ್ಯಾಹ್ನವೋ ಮಧ್ಯರಾತ್ರಿಯೋ ತಿಳಿಯುವುದಿಲ್ಲ.

ದಿನಾಂಕಕ್ಕೆ ಜನನ ಪ್ರಮಾಣಪತ್ರ ನೋಡಿ. ಆದರೆ ಸಾಮಾನ್ಯವಾಗಿ ಅದರಲ್ಲಿ ಹುಟ್ಟಿದ ಸಮಯ ಇರುವುದಿಲ್ಲ. ಸಮಯಕ್ಕೆ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಇಲ್ಲವೇ ಆಗಲೇ ಬರೆಸಿದ ಜಾತಕವೇ ಆಧಾರ. ಹುಟ್ಟಿದ ಊರನ್ನೂ ಕೇಳಿ ಖಚಿತ ಮಾಡಿಕೊಳ್ಳಿ. ಹೆರಿಗೆಗೆ ತವರಿಗೆ ಹೋಗುವ ರೂಢಿ ಇರುವುದರಿಂದ ಪುಣೆಯಲ್ಲಿ ಬೆಳೆದ ಎಷ್ಟೋ ಮಕ್ಕಳು ಹುಟ್ಟಿದ್ದು ತಾಯಿಯ ಊರಿನಲ್ಲಿ. ನಮ್ಮ ಉದಾಹರಣೆಯ ಹುಡುಗಿಯೂ ಹುಟ್ಟಿದ್ದು ಅಥಣಿಯಲ್ಲಿ. ಮನೆ ಪುಣೆಯಲ್ಲಿದೆ ಎಂದು ಜನ್ಮಸ್ಥಳವನ್ನೂ ಪುಣೆ ಎಂದು ಬರೆದರೆ ಲಗ್ನದ ಲೆಕ್ಕ ಸ್ವಲ್ಪ ಸರಿಯುತ್ತದೆ.

'ಉತ್ತರಾ' ಎಂದರೆ ಯಾವ ಉತ್ತರಾ?

ಟಿಪ್ಪಣಿಯಲ್ಲಿ 'ಉತ್ತರಾ ನಕ್ಷತ್ರ' ಎಂದಿದೆ. 27 ನಕ್ಷತ್ರಗಳಲ್ಲಿ ಈ ಹೆಸರಿನಿಂದ ಶುರುವಾಗುವವು ಮೂರು: ಉತ್ತರಾ (ಉತ್ತರಾ ಫಲ್ಗುಣಿ), ಉತ್ತರಾಷಾಢ ಮತ್ತು ಉತ್ತರಾಭಾದ್ರ. ಮನೆಮಾತಿನಲ್ಲಿ ಮೂರನ್ನೂ 'ಉತ್ತರಾ' ಎಂದೇ ಕರೆಯುವುದುಂಟು.

ಯಾವುದು ಎಂದು ರಾಶಿಯಿಂದ ಪತ್ತೆ ಮಾಡಬಹುದು. ಉತ್ತರಾ ಫಲ್ಗುಣಿಯ ಮೊದಲ ಪಾದ ಸಿಂಹ ರಾಶಿಗೆ, ಉಳಿದ ಮೂರು ಕನ್ಯಾ ರಾಶಿಗೆ ಸೇರುತ್ತವೆ. ಉತ್ತರಾಷಾಢದ ಮೊದಲ ಪಾದ ಧನು, ಉಳಿದವು ಮಕರ. ಉತ್ತರಾಭಾದ್ರದ ನಾಲ್ಕೂ ಪಾದಗಳು ಮೀನ. ಟಿಪ್ಪಣಿಯಲ್ಲಿ ಮೀನ ರಾಶಿ ಎಂದಿರುವುದರಿಂದ ಇದು ಉತ್ತರಾಭಾದ್ರವೇ.

ಪುಣೆಯಲ್ಲಿ ಇದನ್ನು ಬಿಡಿಸಿ ಬರೆಯುವುದು ಇನ್ನೂ ಮುಖ್ಯ. ಮರಾಠಿ ಬಯೋಡೇಟಾಗಳಲ್ಲಿ ರಾಶಿ-ನಕ್ಷತ್ರದ ಜೊತೆಗೆ ಚರಣ (ನಮ್ಮ ಪಾದ), ಗಣ, ನಾಡಿಗಳನ್ನೂ ಬರೆಯುವ ರೂಢಿ ಇದೆ. ಗುಣ ಮೇಳನದ 36 ಅಂಕಗಳಲ್ಲಿ ನಾಡಿಗೇ 8 ಅಂಕ. ವಧು-ವರರ ನಾಡಿ ಒಂದೇ ಆದರೆ ಆ ಎಂಟೂ ಹೋಗುತ್ತವೆ. ಈ ಮೂರು 'ಉತ್ತರಾ'ಗಳ ನಾಡಿ ಮೂರು ಬಗೆ: ಫಲ್ಗುಣಿ ಆದಿ ನಾಡಿ, ಆಷಾಢ ಅಂತ್ಯ ನಾಡಿ, ಭಾದ್ರ ಮಧ್ಯ ನಾಡಿ. ಹೆಸರು ಅರ್ಧ ಬರೆದ ಕಾರಣಕ್ಕೆ ಓದುವವರು ಆದಿ ನಾಡಿ ಎಂದು ತಿಳಿದರೆ, ಕೂಡಿ ಬರಬಹುದಾದ ಸಂಬಂಧ ಫೋನ್ ಮಾಡುವ ಮೊದಲೇ ನಿಂತುಹೋಗಬಹುದು.

ಜಾತಕ ನೋಡುವುದಿಲ್ಲ ಎನ್ನುವ ಕುಟುಂಬಗಳೂ ಇವೆ. ಅಂಥವರು ಈ ಸಾಲುಗಳನ್ನು ಅರ್ಧಂಬರ್ಧ ಬರೆಯುವುದಕ್ಕಿಂತ 'ಜಾತಕ ನೋಡುವುದಿಲ್ಲ' ಎಂದು ಒಂದೇ ಸಾಲು ಬರೆಯುವುದು ಒಳ್ಳೆಯದು.

ಗೋತ್ರವೋ, ಬೆಡಗೋ, ಬರಿಯೋ?

ಸಿದ್ಧ ನಮೂನೆಗಳಲ್ಲಿ 'ಗೋತ್ರ' ಎಂಬ ಒಂದೇ ಸಾಲು ಇರುತ್ತದೆ. ಆದರೆ ಕನ್ನಡ ಸಮುದಾಯಗಳಲ್ಲಿ ಸಗೋತ್ರ ತಪ್ಪಿಸಲು ನೋಡುವುದು ಬೇರೆ ಬೇರೆ ಹೆಸರಿನಿಂದ. ಕೆಲವರಲ್ಲಿ ಗೋತ್ರ, ಉತ್ತರ ಕರ್ನಾಟಕದ ಹಲವರಲ್ಲಿ ಬೆಡಗು, ಕರಾವಳಿಯವರಲ್ಲಿ ಬಳಿ ಅಥವಾ ಬರಿ. ಮರಾಠಾ ಕುಟುಂಬಗಳು 'ದೇವಕ' ಕೇಳುತ್ತವೆ. ನಿಮ್ಮಲ್ಲಿ ಯಾವ ಪದ ಬಳಕೆಯಲ್ಲಿದೆಯೋ ಅದನ್ನೇ ಸಾಲಿನ ತಲೆಗೆ ಬರೆಯಿರಿ.

ಪುಣೆಯಲ್ಲಿ ಹೋಟೆಲ್ ನಡೆಸುವ ಉಡುಪಿ-ಮಂಗಳೂರು ಕಡೆಯ ಕುಟುಂಬಗಳು ಬಹಳ. ಅವರಲ್ಲಿ ಅಳಿಯಕಟ್ಟಿನ ಬಂಟರಂಥ ಸಮುದಾಯಗಳಲ್ಲಿ ಬರಿ ಬರುವುದು ತಾಯಿಯ ಕಡೆಯಿಂದ. 'ತಂದೆಯ ಗೋತ್ರ' ಎಂಬ ನಮೂನೆಯ ಸಾಲಿನಲ್ಲಿ ಅದನ್ನು ತುಂಬಿದರೆ ಮಕ್ಕಳ ಬರಿ ತಪ್ಪಾಗುತ್ತದೆ. ಹಾಗಾಗಿ ಹುಡುಗ ಅಥವಾ ಹುಡುಗಿಯ ಗೋತ್ರ ಅಥವಾ ಬರಿಯನ್ನು ವೈಯಕ್ತಿಕ ಭಾಗದಲ್ಲಿ, ತಾಯಿಯ ತವರಿನದನ್ನು ಕುಟುಂಬ ಭಾಗದ ಸೋದರಮಾವನ ಸಾಲಿನಲ್ಲಿ ಬೇರೆಯಾಗಿ ಬರೆಯಿರಿ.

ಹೆಸರು, ಎತ್ತರ, ವಯಸ್ಸು

ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದವರದ್ದೂ ಬಹುತೇಕ ಇದೇ ಕ್ರಮ. ಆದರೆ ಮೈಸೂರು, ಹಾಸನ, ಶಿವಮೊಗ್ಗ ಕಡೆಯವರ ಹೆಸರಿನಲ್ಲಿ ಬರೀ ಇನಿಷಿಯಲ್ ಇರುತ್ತದೆ. ಆ ಅಕ್ಷರಗಳನ್ನು ಬಿಡಿಸಿ, ಯಾವುದು ಊರು, ಯಾವುದು ತಂದೆಯ ಹೆಸರು ಎಂದು ಬರೆಯದಿದ್ದರೆ ಪುಣೆಯವರು 'ಅಡ್ಡಹೆಸರು ಏನು?' ಎಂದು ಕೇಳಿಯೇ ಕೇಳುತ್ತಾರೆ.

ಎತ್ತರ '5.4' ಎಂದು ಬರೆಯುವುದು ರೂಢಿ. ಆದರೆ 5.1 ಮತ್ತು 5.10ರ ನಡುವೆ ಅವಸರದಲ್ಲಿ ಓದುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಒಂದು 155 ಸೆಂ.ಮೀ., ಇನ್ನೊಂದು 178 ಸೆಂ.ಮೀ. '5 ಅಡಿ 4 ಇಂಚು (163 ಸೆಂ.ಮೀ.)' ಎಂದು ಬರೆದರೆ ಮುಗಿಯಿತು.

ವಯಸ್ಸನ್ನು ಬರೆಯಬೇಡಿ, ಜನ್ಮ ದಿನಾಂಕ ಸಾಕು. ಒಮ್ಮೆ ಕಳಿಸಿದ ಬಯೋಡೇಟಾ ಎರಡು ವರ್ಷ ಆದರೂ ಯಾರದೋ ಫೋನಿನಲ್ಲಿ ಸುತ್ತುತ್ತಿರುತ್ತದೆ. ಅಷ್ಟು ಹೊತ್ತಿಗೆ ಅದರಲ್ಲಿನ ವಯಸ್ಸು ಹಳತಾಗಿರುತ್ತದೆ.

ವೈವಾಹಿಕ ಸ್ಥಿತಿಯ ಸಾಲನ್ನು ಮಾತ್ರ ಬಿಡಲೇಬೇಡಿ. ಮೊದಲ ಮದುವೆ ಆಗಿ ವಿಚ್ಛೇದನ ಆಗಿದ್ದರೆ ಅದನ್ನು ಇಲ್ಲೇ ಒಂದು ಸಾಲಿನಲ್ಲಿ ಬರೆಯಬೇಕು. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ, ಸಂಗಾತಿಗೆ ಸಂಬಂಧಿಸಿದ ಮುಖ್ಯ ಸಂಗತಿಯನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದು ಮಾಡುವಂತೆ ಕೋರ್ಟಿಗೆ ಹೋಗಲು ಅವಕಾಶ ಇದೆ. ವಂಚನೆ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಶಿಕ್ಷಣ ಮತ್ತು ಉದ್ಯೋಗ: ಏನು ಬರೆಯಬೇಕು?

ಇದು ನೌಕರಿಗೆ ಹಾಕುವ ರೆಸ್ಯೂಮ್ ಅಲ್ಲ. ಹತ್ತನೇ ತರಗತಿಯಿಂದ ಶುರು ಮಾಡಿ ಎಲ್ಲ ಅಂಕ ಬರೆಯುವ ಅಗತ್ಯ ಇಲ್ಲ. ಕೊನೆಯ ಪದವಿ, ವಿಷಯ, ವಿಶ್ವವಿದ್ಯಾಲಯ ಮತ್ತು ಮುಗಿಸಿದ ವರ್ಷ ಸಾಕು. ಇನ್ನೊಂದು ಪದವಿ ಇದ್ದರೆ ಅದಕ್ಕೆ ಮತ್ತೊಂದು ಸಾಲು. ಪಿಯುಸಿ ಎಂದರೆ ಪುಣೆಯಲ್ಲಿ ಹಲವರಿಗೆ ತಿಳಿಯುವುದಿಲ್ಲ, ಬರೆಯಲೇಬೇಕಿದ್ದರೆ 12ನೇ ತರಗತಿ ಎನ್ನಿ. ವಿಶ್ವವಿದ್ಯಾಲಯದ ಹೆಸರನ್ನು ಪದವಿ ಪ್ರಮಾಣಪತ್ರದಲ್ಲಿ ಇರುವಂತೆ ಬರೆಯಿರಿ. ಪುಣೆ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ಸಾವಿತ್ರಿಬಾಯಿ ಫುಲೆ ಅವರ ಹೆಸರಿಟ್ಟಿದ್ದಾರೆ. ಅಣ್ಣನದು ಹಳೆಯ ಹೆಸರು, ತಂಗಿಯದು ಹೊಸ ಹೆಸರು ಆಗಿರಬಹುದು.

'ಆಗೇದ' ಎಂಬ ಮಾತನ್ನೂ ಕೇಳಿ ಖಚಿತ ಮಾಡಿಕೊಳ್ಳಿ. ಪದವಿ ಪೂರ್ಣವಾಗಿದೆಯೇ, ಒಂದೆರಡು ವಿಷಯ ಉಳಿದಿವೆಯೇ? ಪೂರ್ಣವಾಗಿದ್ದರೆ ವರ್ಷ ಬರೆಯಿರಿ.

ಇನ್ನು ಸಂಬಳ. '14 ಲಕ್ಷ' ಎಂದರೆ ಐಟಿಯಲ್ಲಿ ಇರುವವರು ಅದನ್ನು ಸಿಟಿಸಿ ಎಂದು ತಿಳಿಯುತ್ತಾರೆ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ವೇರಿಯಬಲ್ ಪೇ ಎಲ್ಲ ಸೇರಿರುತ್ತವೆ. ಆದರೆ ಊರಿನ ಹಿರಿಯರು ಅದನ್ನು 12ರಿಂದ ಭಾಗಿಸಿ, ತಿಂಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಕೈಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಮುಂದೆ ಸಂಬಳದ ಚೀಟಿ ನೋಡಿದಾಗ 'ಸುಳ್ಳು ಹೇಳಿದರು' ಎಂಬ ಮಾತು ಬರುತ್ತದೆ. 'ವಾರ್ಷಿಕ 14 ಲಕ್ಷ ರೂ. (ಸಿಟಿಸಿ)' ಎಂದು ಆವರಣದಲ್ಲಿ ಒಂದು ಪದ ಸೇರಿಸಿದರೆ ಸಾಕು. ಕೆಲಸದ ಜಾಗವನ್ನೂ ಬರೆಯಿರಿ. ಹಿಂಜವಡಿಯ ಆಫೀಸಿಗೆ ದಿನವೂ ಹೋಗಬೇಕೋ, ಮನೆಯಿಂದಲೇ ಕೆಲಸವೋ ಎಂಬುದು ಮದುವೆ ಆದ ಮೇಲೆ ಎಲ್ಲಿ ಇರಬೇಕು ಎಂಬ ಮಾತುಕತೆಗೆ ಬೇಕಾಗುತ್ತದೆ.

ಕುಟುಂಬದ ಭಾಗದಲ್ಲಿ ಬಿಡಿಸಿ ಬರೆಯಬೇಕಾದ್ದು

ಟಿಪ್ಪಣಿಯಲ್ಲಿ 'ಮಾವ ಅಥಣಿ' ಎಂದಿದೆ. ಕನ್ನಡದಲ್ಲಿ ಮಾವ ಎಂದರೆ ತಾಯಿಯ ತಮ್ಮನೂ ಹೌದು, ಗಂಡನ ತಂದೆಯೂ ಹೌದು. ಬಯೋಡೇಟಾದಲ್ಲಿ 'ಸೋದರಮಾವ' ಎಂದೇ ಬರೆಯಿರಿ. ಮರಾಠಿ ಬಯೋಡೇಟಾಗಳಲ್ಲಿ ಮಾಮಾನ ಹೆಸರು ಮತ್ತು ಊರಿಗೆ ಪ್ರತ್ಯೇಕ ಸಾಲೇ ಇರುತ್ತದೆ. ವಿಚಾರಿಸುವವರು ಮೊದಲು ಹುಡುಕುವುದು ಆ ಊರಿನಲ್ಲಿ ತಮ್ಮ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು. ಅದೇ ಕಾರಣಕ್ಕೆ ಅಲ್ಲಿ 'ಇತರ ಸಂಬಂಧಿಕರು' ಎಂಬ ಸಾಲಿನಲ್ಲಿ ಮೂರು-ನಾಲ್ಕು ಅಡ್ಡಹೆಸರು ಮತ್ತು ಊರುಗಳನ್ನು ಬರೆಯುತ್ತಾರೆ. ಕನ್ನಡದ ಬಯೋಡೇಟಾಗಳಲ್ಲಿ ಇದು ಕಡಿಮೆ. ಪುಣೆಯಲ್ಲಿ ಕೊಡುವ ಪ್ರತಿಗೆ ಒಂದು ಸಾಲು ಸೇರಿಸಿದರೆ ಅನುಕೂಲ.

'ಅಣ್ಣ ಸೆಟಲ್' ಎಂದರೆ ನೌಕರಿ ಸಿಕ್ಕಿದೆ ಎಂದೂ ಆಗಬಹುದು, ಮದುವೆ ಆಗಿದೆ ಎಂದೂ ಆಗಬಹುದು. ಅಣ್ಣನೋ ತಮ್ಮನೋ, ಮದುವೆ ಆಗಿದೆಯೋ ಇಲ್ಲವೋ, ಏನು ಕೆಲಸ, ಯಾವ ಊರು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಇಂಗ್ಲಿಷ್ ಪ್ರತಿಯಲ್ಲಿ ಬರೀ 'ಬ್ರದರ್' ಎಂದರೆ ದೊಡ್ಡವರೋ ಚಿಕ್ಕವರೋ ತಿಳಿಯುವುದಿಲ್ಲ ಎಂಬುದು ನೆನಪಿರಲಿ.

ಮೂಲ ಊರನ್ನು ತಾಲೂಕು, ಜಿಲ್ಲೆ ಸಮೇತ ಬರೆಯಿರಿ. ಒಂದೇ ಹೆಸರಿನ ಹಳ್ಳಿಗಳು ಉತ್ತರ ಕರ್ನಾಟಕದಲ್ಲಿ ಹಲವು. ಜಿಲ್ಲೆಯನ್ನು ಹಳೆಯ ಕಾಗದ ನೋಡಿ ಬರೆಯುವಾಗಲೂ ಎಚ್ಚರ ಬೇಕು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಜಮಖಂಡಿ ವಿಜಾಪುರ ಜಿಲ್ಲೆಯಲ್ಲಿತ್ತು. ತಂದೆಯ ಶಾಲೆಯ ದಾಖಲೆಯಲ್ಲಿ ವಿಜಾಪುರ ಎಂದೇ ಇರುತ್ತದೆ. ಬಯೋಡೇಟಾಗೆ ಈಗಿನ ಜಿಲ್ಲೆ ಬರಲಿ.

ಆಸ್ತಿಯ ಸಾಲು ಜಗಳಕ್ಕೆ ದಾರಿ ಆಗುವುದು ಹೆಚ್ಚು. 'ಊರಾಗ 6 ಎಕರೆ' ಎಂದರೆ ಅದು ತಂದೆಯ ಪಾಲಿಗೆ ಬಂದದ್ದೋ, ಅಣ್ಣತಮ್ಮಂದಿರ ನಡುವೆ ಇನ್ನೂ ಹಂಚಿಕೆ ಆಗದ ಒಟ್ಟು ಹೊಲವೋ? ಪಹಣಿಯಲ್ಲಿ ಜಂಟಿ ಖಾತೆ ಇದ್ದರೆ 'ಜಂಟಿ ಕುಟುಂಬದ 6 ಎಕರೆ' ಎನ್ನಿ, ಇಲ್ಲವೇ ಆ ಸಾಲನ್ನೇ ಬಿಡಿ. ಫ್ಲಾಟ್ ವಿಷಯವೂ ಅಷ್ಟೇ. 'ಚಿಂಚವಾಡದಲ್ಲಿ ಸ್ವಂತ ಮನೆ' ಸಾಕು, ಎಷ್ಟು ಚದರಡಿ ಎಂಬುದು ಬೇಡ.

ಸಂಪರ್ಕ: ಯಾರ ನಂಬರ್, ಎಷ್ಟು ವಿಳಾಸ?

'ಫೋನ್ ಮಾಡ್ರಿ' ಎಂದಿದೆ, ಆದರೆ ಯಾರಿಗೆ? ವಾಟ್ಸಾಪ್‌ನಲ್ಲಿ ಮೊದಲು ಕಳಿಸಿದವರ ನಂಬರ್, ಸಂದೇಶ ಎರಡು ಕೈ ದಾಟುವ ಹೊತ್ತಿಗೆ ಕಾಣೆಯಾಗಿರುತ್ತದೆ. ಹೀಗಾಗಿ ಪುಟದಲ್ಲೇ ಎರಡು ನಂಬರ್ ಬರೆಯಿರಿ: ಒಂದು ತಂದೆ ಅಥವಾ ತಾಯಿಯದು, ಇನ್ನೊಂದು ಮಾತಾಡಲು ಬಲ್ಲ ಒಬ್ಬ ಬಂಧುವಿನದು. ಪ್ರತಿ ನಂಬರಿನ ಮುಂದೆ ಅವರ ಹೆಸರು, ಸಂಬಂಧ ಇರಲಿ. ಮರಾಠಿಯಲ್ಲಿ ಮಾತಾಡಬಲ್ಲವರು ಯಾರು ಎಂದು ಸೂಚಿಸಿದರೆ ಇನ್ನೂ ಒಳ್ಳೆಯದು.

ಹುಡುಗಿಯ ಸ್ವಂತ ಮೊಬೈಲ್ ನಂಬರ್, ಇ-ಮೇಲ್, ಕಂಪನಿಯ ಹೆಸರಿನ ಜೊತೆ ವಿಭಾಗದ ವಿವರ, ಮನೆ ನಂಬರ್ ಸಮೇತ ಪೂರ್ಣ ವಿಳಾಸ ಈ ಪುಟದಲ್ಲಿ ಬೇಡ. ಜನ್ಮ ದಿನಾಂಕ, ತಾಯಿಯ ತವರಿನ ಹೆಸರು, ಫೋಟೋ ಹೇಗೂ ಇದರಲ್ಲಿವೆ. ಅವುಗಳ ಜೊತೆ ಮೊಬೈಲ್ ನಂಬರ್, ವಿಳಾಸವೂ ಸೇರಿದರೆ ಗುರುತು ಕದಿಯುವವರಿಗೆ, ಕಾಟ ಕೊಡುವವರಿಗೆ ಎಲ್ಲವೂ ಒಂದೇ ಕಡೆ ಸಿಕ್ಕಂತೆ. ಬಡಾವಣೆ ಮತ್ತು ಊರಿನ ಹೆಸರು ಸಾಕು. ಮಾತು ಮುಂದುವರಿದರೆ ಪೂರ್ಣ ವಿಳಾಸವನ್ನು ಫೋನಿನಲ್ಲಿ ಕೊಡಬಹುದು. ಆಧಾರ್, ಪ್ಯಾನ್ ಪ್ರತಿಗಳನ್ನಂತೂ ಬಯೋಡೇಟಾ ಜೊತೆ ಕಳಿಸಲೇಬೇಡಿ.

ಒಂದು ಪುಟದಲ್ಲಿ ಹಿಡಿಸುವುದು ಹೇಗೆ?

ಎ4 ಹಾಳೆಯ ಎತ್ತರ 297 ಮಿ.ಮೀ. ಮೇಲೆ, ಕೆಳಗೆ 20 ಮಿ.ಮೀ. ಅಂಚು ಬಿಟ್ಟರೆ 257 ಮಿ.ಮೀ. ಉಳಿಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ 11 ಪಾಯಿಂಟ್ ಅಕ್ಷರಕ್ಕೂ ಒಂದು ಸಾಲಿಗೆ ಸುಮಾರು 6.5 ಮಿ.ಮೀ. ಬೇಕು. ಅಂದರೆ ಒಟ್ಟು 39 ಸಾಲು. ದೇವರ ಹೆಸರು, ಹುಡುಗಿಯ ಹೆಸರಿಗೆ ನಾಲ್ಕು, ನಾಲ್ಕು ಶೀರ್ಷಿಕೆಗಳಿಗೆ ಜಾಗ ಸೇರಿಸಿ ಎಂಟು ಸಾಲು ಹೋದರೆ ವಿವರಕ್ಕೆ ಉಳಿಯುವುದು 27. ಟಿಪ್ಪಣಿಯಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದಕ್ಕೆ ಈ ಲೆಕ್ಕವೇ ಅಳತೆ. ಹಿಡಿಸದಿದ್ದರೆ ಅಕ್ಷರ ಚಿಕ್ಕದು ಮಾಡಬೇಡಿ, ಸಾಲು ಕಡಿಮೆ ಮಾಡಿ. ಹಿರಿಯರು ಇದನ್ನು ಓದುವುದು ಮೊಬೈಲ್ ಪರದೆಯಲ್ಲಿ.

'ಸ್ವಭಾವ ಬಹಳ ಒಳ್ಳೇದು', 'ಒಳ್ಳೆ ಮನೆತನ ಬೇಕು' ಎಂಬ ಮಾತುಗಳು ಎಲ್ಲರ ಬಯೋಡೇಟಾದಲ್ಲೂ ಇರುತ್ತವೆ, ಅವುಗಳಿಂದ ಏನೂ ತಿಳಿಯುವುದಿಲ್ಲ. ಮೊದಲು ಬಿಡಬೇಕಾದ್ದು ಅವನ್ನೇ. ಮೈಬಣ್ಣದ ಸಾಲೂ ಬೇಡ, ಫೋಟೋ ಇದೆಯಲ್ಲ. ನಿರೀಕ್ಷೆ ಬರೆಯುವುದಿದ್ದರೆ 'ಪುಣೆ ಅಥವಾ ಬೆಂಗಳೂರಿನಲ್ಲಿ ಕೆಲಸ ಮಾಡುವವರು' ಎಂಬಂತೆ, ಓದಿದವರು ತಾವು ಹೊಂದುತ್ತೇವೋ ಇಲ್ಲವೋ ಎಂದು ತೀರ್ಮಾನಿಸಲು ಆಗುವ ಒಂದೇ ಸಾಲು ಇರಲಿ.

ಟೈಪ್ ಮಾಡುವಾಗ ಸ್ಪೇಸ್ ಒತ್ತಿ ಒತ್ತಿ ಸಾಲು ಹೊಂದಿಸುವುದು ಸಾಮಾನ್ಯ ತಪ್ಪು. ನಿಮ್ಮ ಕಂಪ್ಯೂಟರಿನಲ್ಲಿ ನೇರ ಕಂಡ ಚುಕ್ಕಿಗಳು ಇನ್ನೊಬ್ಬರ ಫೋನಿನಲ್ಲಿ ಸೊಟ್ಟಗೆ ಕಾಣುತ್ತವೆ. ಅದರ ಬದಲು ಎರಡು ಕಂಬದ ಟೇಬಲ್ ಹಾಕಿ. ಎಡಗಡೆ ವಿವರದ ಹೆಸರು, ಅಗಲ ಸುಮಾರು 45 ಮಿ.ಮೀ. ಬಲಗಡೆ ವಿವರ. ಎಲ್ಲ ತುಂಬಿದ ಮೇಲೆ ಟೇಬಲ್‌ನ ಗೆರೆಗಳನ್ನು `No Border` ಆಯ್ಕೆಯಿಂದ ತೆಗೆಯಿರಿ. ಫೋಟೋ ಬಲ ಮೇಲ್ಮೂಲೆಯಲ್ಲಿ, ಪಾಸ್‌ಪೋರ್ಟ್ ಅಳತೆಗಿಂತ ತುಸು ದೊಡ್ಡದಿದ್ದರೆ ಸಾಕು.

ಅಕ್ಷರಗಳ ಬಗ್ಗೆಯೂ ಒಂದು ಮಾತು. ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕೊಡುವುದುಂಟು. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ನಲ್ಲಿ, ಉದಾಹರಣೆಗೆ `Noto Sans Kannada` ಫಾಂಟ್‌ನಲ್ಲಿ ಟೈಪ್ ಮಾಡಿಸಿ, ಪಿಡಿಎಫ್ ಮಾಡಿ ಕೊಡಲು ಹೇಳಿ. ಗೂಗಲ್ ಡಾಕ್ಸ್‌ನಲ್ಲಾದರೆ `File > Download > PDF Document (.pdf)`. ವಾಟ್ಸಾಪ್‌ನಲ್ಲಿ ಅದನ್ನು `Document` ಆಗಿಯೇ ಕಳಿಸಿ. ಸ್ಕ್ರೀನ್‌ಶಾಟ್ ತೆಗೆದು ಫೋಟೋ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ.

ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಪುಟದಲ್ಲಿ ತುರುಕಬೇಡಿ. ಊರಿನವರಿಗೆ ಕನ್ನಡದ್ದು, ಪುಣೆಯವರಿಗೆ ಇಂಗ್ಲಿಷ್ ಅಥವಾ ಮರಾಠಿಯದು ಎಂದು ಬೇರೆ ಬೇರೆ ಫೈಲ್ ಇರಲಿ. ಮೊದಲು ಕನ್ನಡದ ಪ್ರತಿಯನ್ನು ತಿದ್ದಿ ಮುಗಿಸಿ, ಅದನ್ನೇ ನೋಡಿ ಇನ್ನೊಂದನ್ನು ಮಾಡಿದರೆ ಎರಡರಲ್ಲಿ ವಿವರ ಬೇರೆಯಾಗುವುದಿಲ್ಲ.

ತಿದ್ದಿದ ಮೇಲೆ ಪುಟ ಹೀಗಿರುತ್ತದೆ

ಮೇಲಿನ ಟಿಪ್ಪಣಿಯನ್ನು ಮನೆಯವರನ್ನು ಕೇಳಿ, ದಾಖಲೆ ನೋಡಿ ತಿದ್ದಿದ ಮೇಲೆ ಬಂದ ಪುಟ ಇದು. ಹೆಸರು, ನಂಬರ್‌ಗಳ ಜಾಗ ಖಾಲಿ ಬಿಡಲಾಗಿದೆ.

ವೈಯಕ್ತಿಕ ವಿವರ
ಹೆಸರು : (ಹೆಸರು, ತಂದೆಯ ಹೆಸರು, ಅಡ್ಡಹೆಸರು)
ಜನ್ಮ ದಿನಾಂಕ : 15 ಅಕ್ಟೋಬರ್ 1997
ಜನ್ಮ ಸಮಯ : ರಾತ್ರಿ 12.20 (ಮಂಗಳವಾರ ಕಳೆದು ಬುಧವಾರ)
ಜನ್ಮಸ್ಥಳ : ಅಥಣಿ, ಜಿ. ಬೆಳಗಾವಿ
ರಾಶಿ, ನಕ್ಷತ್ರ : ಮೀನ, ಉತ್ತರಾಭಾದ್ರ
ಗಣ, ನಾಡಿ : ಮನುಷ್ಯ, ಮಧ್ಯ
ಬೆಡಗು : (ಹೆಸರು)
ಎತ್ತರ : 5 ಅಡಿ 4 ಇಂಚು (163 ಸೆಂ.ಮೀ.)
ವೈವಾಹಿಕ ಸ್ಥಿತಿ : ಅವಿವಾಹಿತೆ
ಬಲ್ಲ ಭಾಷೆ : ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್

ಶಿಕ್ಷಣ ಮತ್ತು ಉದ್ಯೋಗ
ಶಿಕ್ಷಣ : ಬಿಇ (ಕಂಪ್ಯೂಟರ್), ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ, 2019
ಉದ್ಯೋಗ : ಸಾಫ್ಟ್‌ವೇರ್ ಎಂಜಿನಿಯರ್, ಹಿಂಜವಡಿ, ಪುಣೆ
ವಾರ್ಷಿಕ ಆದಾಯ : 14 ಲಕ್ಷ ರೂ. (ಸಿಟಿಸಿ)

ಕುಟುಂಬದ ವಿವರ
ತಂದೆ : (ಹೆಸರು), ಖಾಸಗಿ ಕಾರ್ಖಾನೆಯಿಂದ ನಿವೃತ್ತ
ತಾಯಿ : (ಹೆಸರು), ಗೃಹಿಣಿ
ಅಣ್ಣ : ಒಬ್ಬರು, ವಿವಾಹಿತ, ಬೆಂಗಳೂರಿನಲ್ಲಿ ಉದ್ಯೋಗ
ಸೋದರಮಾವ : (ಹೆಸರು, ಬೆಡಗು), ಅಥಣಿ
ಮೂಲ ಊರು : (ಹಳ್ಳಿ), ತಾ. ಜಮಖಂಡಿ, ಜಿ. ಬಾಗಲಕೋಟೆ
ಮನೆ, ಹೊಲ : ಚಿಂಚವಾಡದಲ್ಲಿ ಸ್ವಂತ ಮನೆ, ಊರಿನಲ್ಲಿ ಜಂಟಿ ಕುಟುಂಬದ 6 ಎಕರೆ
ಇತರ ಸಂಬಂಧಿಕರು : (ಮೂರು ಅಡ್ಡಹೆಸರು, ಊರು)

ಸಂಪರ್ಕ
ವಾಸ : ಚಿಂಚವಾಡ, ಪುಣೆ
ತಂದೆ : (ಹೆಸರು, ಮೊಬೈಲ್) ಸಂಜೆ 7ರ ನಂತರ
ಸೋದರಮಾವ : (ಹೆಸರು, ಮೊಬೈಲ್)

ಒಟ್ಟು 23 ಸಾಲು. ಉದ್ದವಾದ ಒಂದೆರಡು ಸಾಲು ಮುರಿದು ಕೆಳಗೆ ಬಂದರೂ 27ರೊಳಗೆ ಇರುತ್ತದೆ. ನಿರೀಕ್ಷೆಯ ಒಂದು ಸಾಲಿಗೂ ಜಾಗ ಇದೆ.

ಕಳಿಸುವ ಮೊದಲು

ಪಿಡಿಎಫ್ ಅನ್ನು ಮೊದಲು ಮನೆಯವರಲ್ಲದ ಒಬ್ಬರಿಗೆ ಕಳಿಸಿ, ಅವರ ಫೋನಿನಲ್ಲಿ ಸರಿಯಾಗಿ ಕಾಣುತ್ತದೆಯೇ ಎಂದು ಕೇಳಿ. ಪುಟದಲ್ಲಿರುವ ಜನ್ಮ ದಿನಾಂಕ, ಸಮಯ, ಸ್ಥಳವನ್ನು ಅವರಿಂದಲೇ ಜಾತಕದ ಆ್ಯಪ್‌ನಲ್ಲಿ ಹಾಕಿಸಿ, ನೀವು ಬರೆದ ರಾಶಿ-ನಕ್ಷತ್ರವೇ ಬರುತ್ತದೆಯೇ ನೋಡಿ. ಬೇರೆ ಬಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಮೊಬೈಲ್ ನಂಬರ್‌ಗಳಿಗೆ ಪುಟ ನೋಡಿಯೇ ಒಮ್ಮೆ ಫೋನ್ ಮಾಡಿ.

ಕೊನೆಯದಾಗಿ, ಪುಟವನ್ನು ಹುಡುಗ ಅಥವಾ ಹುಡುಗಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಕಳಿಸಿ. ಫೈಲ್ ಹೆಸರಿನಲ್ಲಿ ತಿಂಗಳು, ವರ್ಷ ಸೇರಿಸಿ. ನೌಕರಿ ಬದಲಾಗಿ ಹೊಸ ಪ್ರತಿ ಮಾಡಿದಾಗ, ಯಾರ ಬಳಿ ಹಳೆಯದು ಇದೆ, ಯಾರ ಬಳಿ ಹೊಸದು ಇದೆ ಎಂದು ಆಗ ಹೆಸರಿನಿಂದಲೇ ತಿಳಿಯುತ್ತದೆ. ಮದುವೆ ನಿಶ್ಚಯವಾದ ದಿನವೇ, ಕಳಿಸಿದ ಎಲ್ಲ ಗ್ರೂಪುಗಳಿಗೆ 'ಸಂಬಂಧ ಕೂಡಿ ಬಂದಿದೆ, ಬಯೋಡೇಟಾ ಮುಂದೆ ಕಳಿಸಬೇಡಿ' ಎಂದು ಒಂದು ಸಾಲು ಹಾಕುವುದನ್ನೂ ಮರೆಯಬೇಡಿ.